ದ್ರವ್ಯದ ಸ್ಥಿತಿಗಳು ಮತ್ತು ಸ್ಥಿತಿ ಬದಲಾವಣೆ: ತರಗತಿ ಚಟುವಟಿಕೆಗೆ ಬಹು ಆಯ್ಕೆ ಪ್ರಶ್ನೆಗಳು (ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಿಗಾಗಿ)

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಪೋಷಕರು ಹಾಗೂ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳು ಹಾಗೂ ಅವುಗಳ ನಡುವಿನ ಬದಲಾವಣೆಗಳ ಕುರಿತು ತರಗತಿಯಲ್ಲಿ ನಡೆಸುವ ಪ್ರಶ್ನೆ ಚಟುವಟಿಕೆಗೆ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ವಿವರಣೆ ಸಹಿತ ಕೊಡಲಾಗಿದೆ. ಸರಿಯುತ್ತರವಷ್ಟೇ ಅಲ್ಲದೆ, ಪ್ರತಿಯೊಂದು ತಪ್ಪು ಆಯ್ಕೆಯನ್ನು ಏಕೆ ಇಡಲಾಗಿದೆ ಎಂಬುದನ್ನೂ ತಿಳಿಸಲಾಗಿದೆ. ಬಹು ಆಯ್ಕೆ ಪ್ರಶ್ನೆಯಲ್ಲಿ ಶಿಕ್ಷಕರಿಗೆ ಹೆಚ್ಚಿನ ಮಾಹಿತಿ ದೊರೆಯುವುದು ತಪ್ಪು ಆಯ್ಕೆಗಳಿಂದಲೇ ಆಗಿರುತ್ತದೆ.

ಹಳಿಯಾಳದಲ್ಲಿ ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?

ಪ್ರಶ್ನೆಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಪ್ರಶ್ನೆಯೊಂದನ್ನು ಮೊದಲು ಪರಿಶೀಲಿಸಬಹುದು.

ನೀರಿನ ಕುದಿಯುವ ಬಿಂದು ಎಷ್ಟು? (ಅ) 0 ಡಿಗ್ರಿ (ಆ) 50 ಡಿಗ್ರಿ (ಇ) 98 ಡಿಗ್ರಿ (ಈ) 100 ಡಿಗ್ರಿ ಸೆಲ್ಸಿಯಸ್.

ಉತ್ತರಸೂಚಿಯಲ್ಲಿ (ಈ) ಎಂದಿರುತ್ತದೆ. ಆದರೆ ಹಳಿಯಾಳ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ದಾಂಡೇಲಿ ಸುಮಾರು 470 ಮೀಟರ್ ಎತ್ತರದಲ್ಲಿದೆ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದಲ್ಲಿ ನೀರು ಬೇಗ ಕುದಿಗೆ ಬರುತ್ತದೆ. ಸ್ಥೂಲವಾಗಿ ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. ಈ ಲೆಕ್ಕದಂತೆ ಹಳಿಯಾಳದಲ್ಲಿ ನೀರು 98 ಡಿಗ್ರಿಗೆ ತುಸು ಮೇಲೆ, ದಾಂಡೇಲಿಯಲ್ಲಿ ಸುಮಾರು 98.4 ಡಿಗ್ರಿಯಲ್ಲಿ ಕುದಿಯುತ್ತದೆ. ಕಾರವಾರದ ಕಡಲತೀರದ ಶಾಲೆಯಲ್ಲಿ ಅದೇ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಅಂದರೆ ಹಳಿಯಾಳದ ವಿದ್ಯಾರ್ಥಿಯೊಬ್ಬಳು ಪ್ರಯೋಗಾಲಯದಲ್ಲಿ ತಾನೇ ತಾಪಮಾಪಕ ನೋಡಿ, ಕಂಡದ್ದನ್ನು ಪ್ರಾಮಾಣಿಕವಾಗಿ (ಇ) ಎಂದು ಬರೆದರೆ ಆಕೆಗೆ ಸೊನ್ನೆ. ಏನನ್ನೂ ಅಳೆಯದೆ ಬಾಯಿಪಾಠ ಒಪ್ಪಿಸಿದವರಿಗೆ ಪೂರ್ಣ ಅಂಕ. ಈ ಪ್ರಶ್ನೆಯ ದೋಷ ಇರುವುದು ಇಲ್ಲಿ. "ಸಮುದ್ರಮಟ್ಟದ ಸಾಮಾನ್ಯ ವಾಯುಭಾರದಲ್ಲಿ" ಎಂಬ ಮಾತನ್ನು ಸೇರಿಸಿದರೆ ಪ್ರಶ್ನೆ ನಿರ್ದೋಷವಾಗುತ್ತದೆ, ಆದರೆ ಆಗಲೂ ಅದು ನೆನಪಿನ ಪರೀಕ್ಷೆಯಾಗಿಯೇ ಉಳಿಯುತ್ತದೆ. ಆದುದರಿಂದ ಅದನ್ನು ಕೆಳಕಂಡಂತೆ ಬದಲಾಯಿಸಿಕೊಳ್ಳಬಹುದು.

ಪ್ರಶ್ನೆ 1. ಹಳಿಯಾಳದ ಶಾಲೆಯೊಂದರಲ್ಲಿ ತೆರೆದ ಪಾತ್ರೆಯ ನೀರು ಕುದಿಯುತ್ತಿದೆ. ತಾಪಮಾಪಕವು 98 ಡಿಗ್ರಿ ತೋರಿಸುತ್ತಾ ಅಲ್ಲಿಯೇ ನಿಂತಿದೆ. ಈಗ ಉರಿಯನ್ನು ಹೆಚ್ಚಿಸಿದರೆ ಐದು ನಿಮಿಷಗಳ ನಂತರ ಏನು ಕಂಡುಬರುತ್ತದೆ?
(ಅ) 100 ಡಿಗ್ರಿಗೆ ಏರಿ ಅಲ್ಲಿ ನಿಲ್ಲುತ್ತದೆ
(ಆ) 100 ಡಿಗ್ರಿಯನ್ನೂ ದಾಟಿ ಏರುತ್ತಾ ಹೋಗುತ್ತದೆ
(ಇ) 98 ಡಿಗ್ರಿಯೇ ಇರುತ್ತದೆ, ನೀರು ಹೆಚ್ಚು ಬೇಗ ಬತ್ತುತ್ತದೆ
(ಈ) 98 ಡಿಗ್ರಿಯೇ ಇರುತ್ತದೆ, ನೀರು ಮೊದಲಿನಷ್ಟೇ ವೇಗದಲ್ಲಿ ಬತ್ತುತ್ತದೆ

ಸರಿಯುತ್ತರ (ಇ). ಕುದಿಯುತ್ತಿರುವಾಗ ಒಲೆಯಿಂದ ಬರುವ ಶಾಖವು ನೀರಿನ ತಾಪವನ್ನು ಏರಿಸುವುದಿಲ್ಲ. ದ್ರವದ ಕಣಗಳನ್ನು ಪರಸ್ಪರ ಬಿಡಿಸಿ ಆವಿಯಾಗಿಸುವುದಕ್ಕೆ ಅದು ವ್ಯಯವಾಗುತ್ತದೆ. ಇದನ್ನೇ ಪಠ್ಯದಲ್ಲಿ ಗುಪ್ತೋಷ್ಣ ಎನ್ನಲಾಗಿದೆ. ಒಂದು ಕಿಲೋಗ್ರಾಂ ನೀರನ್ನು ಕೋಣೆಯ ತಾಪದಿಂದ ಕುದಿಗೆ ತರಲು ಬೇಕಾಗುವ ಶಾಖದ ಸುಮಾರು ಏಳೂವರೆ ಪಟ್ಟು ಶಾಖವು ಆ ನೀರನ್ನೆಲ್ಲ ಆವಿಯಾಗಿಸಲು ಬೇಕಾಗುತ್ತದೆ. ಅನ್ನದ ಪಾತ್ರೆ ಕುದಿಬಂದ ಮೇಲೆ ಉರಿ ತಗ್ಗಿಸುವ ಗೃಹಿಣಿಯರಿಗೆ ಇದು ಅನುಭವದಿಂದಲೇ ತಿಳಿದಿದೆ. ಹೆಚ್ಚಿನ ಉರಿಯಿಂದ ಅನ್ನ ಬೇಗ ಬೇಯುವುದಿಲ್ಲ, ಸೌದೆ ಅಥವಾ ಅನಿಲ ಮಾತ್ರ ಖರ್ಚಾಗುತ್ತದೆ.

ಇನ್ನು ತಪ್ಪು ಆಯ್ಕೆಗಳು. (ಅ) ಆಯ್ಕೆ ಮಾಡುವ ವಿದ್ಯಾರ್ಥಿಗೆ 100 ಎಂಬ ಸಂಖ್ಯೆ ಗೊತ್ತಿದೆ. ಆದರೆ ಅದನ್ನು ಆತ ನೀರು ತಲುಪಲೇಬೇಕಾದ ಗುರಿ ಎಂದು ಭಾವಿಸಿದ್ದಾನೆ. (ಆ) ಆಯ್ಕೆ ಮಾಡುವವರು ಶಾಖ ಮತ್ತು ತಾಪ ಎರಡೂ ಒಂದೇ ಎಂದು ತಿಳಿದಿದ್ದಾರೆ. (ಈ) ಆಯ್ಕೆ ಮಾಡುವವರಿಗೆ ತಾಪ ಸ್ಥಿರವಾಗಿರುತ್ತದೆ ಎಂಬ ವಾಕ್ಯ ನೆನಪಿದೆ, ಶಾಖ ಎಲ್ಲಿಗೆ ಹೋಯಿತೆಂಬ ಲೆಕ್ಕ ಮಾತ್ರ ಸಿಕ್ಕಿಲ್ಲ. ಈ ಮೂರೂ ತಪ್ಪುಗಳಿಗೆ ಬೇರೆ ಬೇರೆ ಪರಿಹಾರ ಬೇಕು. ಹಳೆಯ ಪ್ರಶ್ನೆಯ 0 ಮತ್ತು 50 ಡಿಗ್ರಿಗಳನ್ನು ಯಾವ ವಿದ್ಯಾರ್ಥಿಯೂ ಆಯ್ಕೆ ಮಾಡುವ ಸಂಭವ ಕಡಿಮೆ. ಸ್ಥಳ ತುಂಬಲು ಇಟ್ಟ ಇಂತಹ ಆಯ್ಕೆಗಳಿಂದ ಶಿಕ್ಷಕರಿಗೆ ಏನೂ ತಿಳಿದುಬರುವುದಿಲ್ಲ.

ಪ್ರಯೋಗ ಮಾಡಿ ತೋರಿಸುವಾಗ ಗಮನಿಸತಕ್ಕ ಅಂಶಗಳು ಕೆಲವಿವೆ. ಪ್ರಯೋಗಾಲಯದ ತಾಪಮಾಪಕವನ್ನೇ ಬಳಸತಕ್ಕದ್ದು. ಜ್ವರ ನೋಡುವ ತಾಪಮಾಪಕದ ಅಳತೆ 42 ಡಿಗ್ರಿಗೆ ಮುಗಿಯುವುದರಿಂದ ಗಾಜಿನದಾದರೆ ಬಿಸಿನೀರಿನಲ್ಲಿ ಒಡೆಯುತ್ತದೆ. ಬುರುಡೆಯು ಪಾತ್ರೆಯ ತಳಕ್ಕೆ ತಾಗಬಾರದು; ತಾಗಿದರೆ ಅಳತೆ ಹೆಚ್ಚು ಬರುತ್ತದೆ. ಪ್ರತಿ ನಿಮಿಷಕ್ಕೊಮ್ಮೆ ಅಳತೆ ಬರೆದುಕೊಂಡು, ನಾಲ್ಕೈದು ಬಾರಿ ಒಂದೇ ಸಂಖ್ಯೆ ಬಂದರೆ ಅದನ್ನು ಕುದಿಯುವ ಬಿಂದುವೆಂದು ತೆಗೆದುಕೊಳ್ಳಬಹುದು. 98 ಬಂದಿರುವುದು ಊರಿನ ಎತ್ತರದಿಂದಲೋ ತಾಪಮಾಪಕದ ದೋಷದಿಂದಲೋ ಎಂಬ ಸಂದೇಹ ಬರುವುದು ಸಹಜ. ಶಾಲೆಗಳಲ್ಲಿರುವ ತಾಪಮಾಪಕಗಳಲ್ಲಿ ಒಂದು ಡಿಗ್ರಿಯ ವ್ಯತ್ಯಾಸ ಅಪರೂಪವಲ್ಲ. ಕರಗುತ್ತಿರುವ ಮಂಜುಗಡ್ಡೆಯ ಚೂರುಗಳಲ್ಲಿ ಅದೇ ತಾಪಮಾಪಕವನ್ನು ಇಟ್ಟು ನೋಡಿದರೆ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಮಂಜುಗಡ್ಡೆ ಕರಗುವ ತಾಪಕ್ಕೆ ಈ ಎತ್ತರದಿಂದ ಗಮನಾರ್ಹ ವ್ಯತ್ಯಾಸವಾಗುವುದಿಲ್ಲ. ಅಲ್ಲಿ 0 ಬಾರದೆ 1 ಬಂದರೆ ಆ ಒಂದು ಡಿಗ್ರಿಯನ್ನು ಕುದಿಯುವ ಅಳತೆಯಿಂದಲೂ ಕಳೆಯಬೇಕು.

ಮತ ಎಣಿಕೆ ಮತ್ತು ಅದರ ಅರ್ಥ

ಪ್ರಶ್ನೆಯನ್ನು ಕಪ್ಪು ಹಲಗೆಯ ಮೇಲೆ ಬರೆದು, ಒಂದು ನಿಮಿಷ ಮೌನವಾಗಿ ಯೋಚಿಸಲು ಬಿಟ್ಟು, ಎಲ್ಲರೂ ಏಕಕಾಲಕ್ಕೆ ಎದೆಯ ಮುಂದೆ ಒಂದರಿಂದ ನಾಲ್ಕು ಬೆರಳು ತೋರಿಸುವಂತೆ ಹೇಳಬೇಕು. ಕೈಯನ್ನು ಮೇಲಕ್ಕೆತ್ತಿದರೆ ಹಿಂದಿನವರು ಮುಂದಿನವರನ್ನು ನೋಡಿ ಬದಲಾಯಿಸುತ್ತಾರೆ. ಎಣಿಕೆಯನ್ನು ಆಗಲೇ ಪ್ರಕಟಿಸಬಾರದು. ಬಹುಮತ ಯಾವ ಕಡೆಗಿದೆ ಎಂದು ತಿಳಿದೊಡನೆ ಉಳಿದವರು ಅತ್ತ ವಾಲುತ್ತಾರೆ. ನಂತರ ಬೇರೆ ಉತ್ತರ ಕೊಟ್ಟ ಪಕ್ಕದವರೊಡನೆ ಎರಡು ಮೂರು ನಿಮಿಷ ಚರ್ಚಿಸಲು ಬಿಟ್ಟು ಮತ್ತೊಮ್ಮೆ ಬೆರಳು ಎಣಿಸಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು 1990ರ ದಶಕದಲ್ಲಿ ಬಳಕೆಗೆ ತಂದ ಕ್ರಮವಿದು.

ಉದಾಹರಣೆಗೆ 40 ಮಕ್ಕಳ ತರಗತಿಯಲ್ಲಿ ಮೊದಲನೆಯ ಪ್ರಶ್ನೆಗೆ (ಅ) 19, (ಆ) 8, (ಇ) 9, (ಈ) 4 ಎಂದು ಎಣಿಕೆ ಬಂದಿತೆಂದು ಭಾವಿಸೋಣ. ಸರಿಯುತ್ತರ ಕೊಟ್ಟವರು ಕಾಲು ಭಾಗಕ್ಕೂ ಕಡಿಮೆ. ಇಂತಹ ಸಂದರ್ಭದಲ್ಲಿ ಚರ್ಚೆಗೆ ಬಿಟ್ಟರೆ ಹತ್ತೊಂಬತ್ತು ಜನರ ತಪ್ಪು ಇನ್ನಷ್ಟು ಹರಡುತ್ತದೆ. ನೇರವಾಗಿ ಪ್ರಯೋಗಕ್ಕೆ ಹೋಗುವುದು ಸೂಕ್ತ. ಸರಿಯುತ್ತರ ಸುಮಾರು ಮೂರನೇ ಒಂದರಿಂದ ಮೂರನೇ ಎರಡು ಭಾಗದವರೆಗೆ ಇದ್ದಲ್ಲಿ ಚರ್ಚೆ ಫಲಕಾರಿಯಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಒಂದು ಮಾತಿನ ವಿವರಣೆ ಕೊಟ್ಟು ಮುಂದುವರಿಯಬಹುದು. ಈ ಎಣಿಕೆಯನ್ನು ಅಂಕಪಟ್ಟಿಗೆ ಸೇರಿಸದಿರುವುದು ಲೇಸು. ಅಂಕವೆಂದೊಡನೆ ಮಕ್ಕಳು ತಮಗೆ ಅನಿಸಿದ್ದನ್ನು ತೋರಿಸದೆ ಪಕ್ಕದವರ ಬೆರಳು ನೋಡುತ್ತಾರೆ.

ಗುಳ್ಳೆಯೊಳಗೆ ಏನಿದೆ?

ಪ್ರಶ್ನೆ 2. ನೀರು ಚೆನ್ನಾಗಿ ಕುದಿಯುವಾಗ ತಳದಿಂದ ಏಳುವ ದೊಡ್ಡ ಗುಳ್ಳೆಗಳಲ್ಲಿ ಏನಿರುತ್ತದೆ?
(ಅ) ಗಾಳಿ
(ಆ) ನೀರಿನ ಆವಿ
(ಇ) ಹೈಡ್ರೋಜನ್ ಮತ್ತು ಆಕ್ಸಿಜನ್
(ಈ) ಶಾಖ

ಸರಿಯುತ್ತರ (ಆ). ನ್ಯೂಜಿಲೆಂಡಿನಲ್ಲಿ ಆಸ್ಬೋರ್ನ್ ಮತ್ತು ಕಾಸ್‌ಗ್ರೋವ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಂದ ಬಂದ ಉತ್ತರಗಳು ಈ ನಾಲ್ಕೂ ಬಗೆಯವಾಗಿದ್ದವು. ವಿಜ್ಞಾನ ಓದಿದ ದೊಡ್ಡ ಮಕ್ಕಳಲ್ಲಿಯೂ ಮೂರನೆಯ ಉತ್ತರ ಕಂಡುಬಂದಿತ್ತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನೀರು ಹೈಡ್ರೋಜನ್ ಮತ್ತು ಆಕ್ಸಿಜನ್‌ಗಳಿಂದಾಗಿದೆ ಎಂದು ಕಲಿತ ಮಗು, ಕುದಿಸಿದರೆ ಅದು ಅವೆರಡಾಗಿ ಒಡೆಯುತ್ತದೆ ಎಂದು ಮುಂದುವರಿದು ಯೋಚಿಸುತ್ತದೆ. ಈ ಆಯ್ಕೆಯನ್ನು ಆರಿಸಿದವರನ್ನು ದಡ್ಡರೆಂದು ತಿಳಿಯಬಾರದು. ಅವರು ಪಾಠ ಕೇಳಿದ್ದಾರೆ; ಸ್ಥಿತಿ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಇರುವ ಗೆರೆ ಮಾತ್ರ ಅವರಿಗೆ ಕಂಡಿಲ್ಲ.

ಗಾಳಿ ಎಂಬ ಉತ್ತರದಲ್ಲಿ ಅರ್ಧ ಸತ್ಯವಿದೆ. ನೀರು ಇನ್ನೂ ಬೆಚ್ಚಗಾಗುತ್ತಿರುವಾಗ ಪಾತ್ರೆಯ ಗೋಡೆಗೆ ಅಂಟಿಕೊಂಡು ಮೂಡುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಬೆರೆತಿದ್ದ ಗಾಳಿಯವೇ ಆಗಿರುತ್ತವೆ. ಆದುದರಿಂದ ಪ್ರಶ್ನೆಯಲ್ಲಿ "ಚೆನ್ನಾಗಿ ಕುದಿಯುವಾಗ" ಮತ್ತು "ದೊಡ್ಡ" ಎಂಬ ಪದಗಳನ್ನು ಬಿಡತಕ್ಕದ್ದಲ್ಲ. ಬಿಟ್ಟರೆ (ಅ) ಕೂಡ ಸರಿಯೆಂದು ವಾದಿಸಲು ಅವಕಾಶವಾಗುತ್ತದೆ. ಹತ್ತು ನಿಮಿಷ ಬಿಡದೆ ಕುದಿಸಿದ ನೀರಿನಲ್ಲಿ ಬೆರೆತ ಗಾಳಿ ಬಹುಪಾಲು ಹೊರಟುಹೋಗಿರುತ್ತದೆ, ಗುಳ್ಳೆಗಳು ಮಾತ್ರ ನಿಲ್ಲುವುದಿಲ್ಲ. ಅಷ್ಟೊಂದು ಗಾಳಿ ಎಲ್ಲಿಂದ ಬಂತು ಎಂದು ಮಕ್ಕಳನ್ನೇ ಕೇಳಬಹುದು. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್ ಸ್ಥಳ ಆಕ್ರಮಿಸುತ್ತದೆ ಎಂದರೆ ಗುಳ್ಳೆಗಳ ಮೂಲ ಅವರಿಗೆ ಹೊಳೆಯುತ್ತದೆ.

ಪಾತ್ರೆಯ ಮೇಲೆ ತಣ್ಣಗಿನ ತಟ್ಟೆ ಹಿಡಿದರೆ ಅದರ ಅಡಿಯಲ್ಲಿ ನೀರು ಹನಿಗಟ್ಟುತ್ತದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಬಿಡುಗಡೆಯಾಗಿದ್ದಲ್ಲಿ ತಟ್ಟೆಯನ್ನು ತಣ್ಣಗಾಗಿಸಿದ ಮಾತ್ರಕ್ಕೆ ಅವು ಕೂಡಿ ನೀರಾಗುತ್ತಿರಲಿಲ್ಲ, ಅಡುಗೆಮನೆಯ ಬೆಂಕಿಗೆ ಸಿಡಿಯುತ್ತಿದ್ದವು. ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನು ತಿಳಿಸಬೇಕಾಗುತ್ತದೆ: ಕೆಟಲಿನ ಮೂತಿಯಿಂದ ತುಸು ದೂರದಲ್ಲಿ ಕಾಣುವ ಬಿಳಿ ಹೊಗೆಯಂತಹದು ಆವಿಯಲ್ಲ, ಆವಿ ತಂಪಾಗಿ ಮರಳಿ ನೀರಾದ ಸೂಕ್ಷ್ಮ ಹನಿಗಳು. ನಿಜವಾದ ಆವಿ ಮೂತಿಗೂ ಆ ಬಿಳುಪಿಗೂ ನಡುವಿನ ಖಾಲಿಯಂತೆ ಕಾಣುವ ಜಾಗದಲ್ಲಿರುತ್ತದೆ. ಅಲ್ಲಿ ಕೈಯಿಟ್ಟರೆ ಗಂಭೀರವಾಗಿ ಸುಡುತ್ತದೆ. ಮಕ್ಕಳನ್ನು ದೂರ ನಿಲ್ಲಿಸತಕ್ಕದ್ದು.

ಲೋಟದ ಹೊರಮೈ ಒದ್ದೆಯಾಗುವುದು

ಪ್ರಶ್ನೆ 3. ಮಂಜುಗಡ್ಡೆ ಹಾಕಿ ಮುಚ್ಚಿದ ಒಣ ಸ್ಟೀಲ್ ಲೋಟದ ಹೊರಮೈಯಲ್ಲಿ ಸ್ವಲ್ಪ ಸಮಯದ ನಂತರ ಹನಿಗಳು ಕಂಡುಬರುತ್ತವೆ. ಈ ನೀರು ಎಲ್ಲಿಂದ ಬಂತು?
(ಅ) ಲೋಟದ ಒಳಗಿನಿಂದ ಜಿನುಗಿ ಬಂತು
(ಆ) ತಂಪು ನೀರಾಗಿ ಮಾರ್ಪಟ್ಟಿತು
(ಇ) ಮುಚ್ಚಳದ ಸಂದಿಯಿಂದ ಆವಿ ಹೊರಬಂತು
(ಈ) ಸುತ್ತಲಿನ ಗಾಳಿಯಲ್ಲಿದ್ದ ಆವಿ ತಂಪಾಗಿ ನೀರಾಯಿತು

ಸರಿಯುತ್ತರ (ಈ). ಮಣ್ಣಿನ ಕೊಡದ ನೀರು ಕುಡಿಯುವ ಮನೆಗಳ ಮಕ್ಕಳು (ಅ) ಆರಿಸುವುದಕ್ಕೆ ಬಲವಾದ ಕಾರಣವಿದೆ. ಅವರು ನೋಡಿರುವ ಕೊಡದಲ್ಲಿ ನೀರು ನಿಜಕ್ಕೂ ಜಿನುಗುತ್ತದೆ. ಆದುದರಿಂದ ಪ್ರಯೋಗಕ್ಕೆ ಮಣ್ಣಿನ ಪಾತ್ರೆ ಬೇಡ. ಲೋಹದ ಲೋಟದ ನೀರಿಗೆ ಶಾಯಿ ಬೆರೆಸಿ ಮಂಜುಗಡ್ಡೆ ಹಾಕಬೇಕು. ಹೊರಗಿನ ಹನಿ ಬಣ್ಣವಿಲ್ಲದ್ದಾದರೆ ಜಿನುಗುವಿಕೆಯ ಉತ್ತರ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಬಣ್ಣ ಒಳಗೇ ಉಳಿದು ಬರಿಯ ನೀರು ಜಿನುಗಿರಬಹುದೆಂದು ಯಾರಾದರೂ ವಾದಿಸಿದರೆ (ಅದು ಒಳ್ಳೆಯ ವಾದವೇ ಆಗಿದೆ), ಮುಚ್ಚಿದ ಲೋಟವನ್ನು ಸೂಕ್ಷ್ಮ ತಕ್ಕಡಿಯಲ್ಲಿ ಮೊದಲು ಮತ್ತು ಹನಿಗಟ್ಟಿದ ನಂತರ ತೂಗಬೇಕು. ಒಳಗಿನ ನೀರೇ ಹೊರಬಂದಿದ್ದರೆ ತೂಕ ಹೆಚ್ಚಲು ಕಾರಣವಿಲ್ಲ. ಹೊರಗಿನಿಂದ ಬಂದಿದ್ದರೆ ಹೆಚ್ಚುತ್ತದೆ, ಹೆಚ್ಚೇ ಬರುತ್ತದೆ. ವಾಣಿಜ್ಯ ಓದಿದವರಿಗೆ ಇದು ಸುಲಭವಾಗಿ ಒಪ್ಪಿಗೆಯಾಗುವ ಪುರಾವೆ: ಜಮೆ ಇಲ್ಲದೆ ಶಿಲ್ಕು ಏರುವುದಿಲ್ಲ.

ಈ ಪ್ರಯೋಗ ಋತುವನ್ನು ಅವಲಂಬಿಸಿದೆ. ಜುಲೈ ತಿಂಗಳಲ್ಲಿ ಜೋಯಿಡಾದಂತಹ ಮಳೆ ಪ್ರದೇಶದಲ್ಲಿ ಗಾಳಿಯ ತೇವಾಂಶ ಎಷ್ಟಿರುತ್ತದೆಂದರೆ ಕೋಣೆಗಿಂತ ಎರಡು ಮೂರು ಡಿಗ್ರಿ ತಣ್ಣಗಿನ ನೀರಿಗೂ ಹನಿ ಮೂಡಬಹುದು. ಫೆಬ್ರುವರಿ, ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಹಳಿಯಾಳ ಅಥವಾ ಮುಂಡಗೋಡದಲ್ಲಿ ಗಾಳಿ 33 ಡಿಗ್ರಿ ಇದ್ದು ತೇವಾಂಶ ಶೇಕಡಾ 25ಕ್ಕೆ ಇಳಿದಿದ್ದರೆ, ಲೋಟದ ಮೈ ಸುಮಾರು 10 ಡಿಗ್ರಿಗಿಂತ ತಣ್ಣಗಾಗುವವರೆಗೆ ಒಂದು ಹನಿಯೂ ಕಾಣುವುದಿಲ್ಲ. ಬರಿಯ ತಣ್ಣೀರಿನಿಂದ ಪ್ರಯೋಗ ಮಾಡಿ ಲೋಟ ಒಣಗಿಯೇ ಉಳಿದಾಗ ಶಿಕ್ಷಕರು ಪೇಚಿಗೆ ಸಿಲುಕುವುದು ಹೀಗೆಯೇ. ಸಾಧ್ಯವಾದಲ್ಲಿ ಈ ಪ್ರಶ್ನೆಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬಹುದು. ಬೇಸಿಗೆಯಲ್ಲಿ ಮಾಡುವುದಾದರೆ ಮಂಜುಗಡ್ಡೆ ಧಾರಾಳವಾಗಿರಬೇಕು.

ಗಟ್ಟಿಯಾದ ಕೊಬ್ಬರಿ ಎಣ್ಣೆ

ಘನೀಕರಣವನ್ನು ಕಲಿಸಲು ಶೀತಕಯಂತ್ರವೇ ಬೇಕೆಂದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಡಿಸೆಂಬರ್, ಜನವರಿ ತಿಂಗಳ ಬೆಳಿಗ್ಗೆ ಈ ತಾಲ್ಲೂಕುಗಳ ಮನೆಗಳಲ್ಲಿ ಬಾಟಲಿಯ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ, ಬಿಸಿಲೇರಿದ ಮೇಲೆ ತಾನಾಗಿ ದ್ರವವಾಗುವುದನ್ನು ಎಲ್ಲ ಮಕ್ಕಳೂ ಕಂಡಿರುತ್ತಾರೆ. ಇದನ್ನು ಆಧರಿಸಿ ಒಂದು ಪ್ರಶ್ನೆ.

ಪ್ರಶ್ನೆ 4. ಬಿರಡೆ ಹಾಕಿದ ಬಾಟಲಿಯಲ್ಲಿ ಬೆಳಿಗ್ಗೆ 100 ಗ್ರಾಂ ಕೊಬ್ಬರಿ ಎಣ್ಣೆ ಗಟ್ಟಿಯಾಗಿತ್ತು. ಮಧ್ಯಾಹ್ನ ಅದೆಲ್ಲ ದ್ರವವಾಯಿತು. ಈಗ ಎಣ್ಣೆಯ ತೂಕ ಎಷ್ಟು?
(ಅ) 100 ಗ್ರಾಂಗಿಂತ ಕಡಿಮೆ, ಏಕೆಂದರೆ ದ್ರವವು ಘನಕ್ಕಿಂತ ಹಗುರ
(ಆ) 100 ಗ್ರಾಂ, ಏಕೆಂದರೆ ಎಣ್ಣೆ ಎಲ್ಲಿಗೂ ಹೋಗಿಲ್ಲ
(ಇ) 100 ಗ್ರಾಂಗಿಂತ ಹೆಚ್ಚು, ಏಕೆಂದರೆ ಶಾಖ ಸೇರಿಕೊಂಡಿದೆ
(ಈ) 100 ಗ್ರಾಂಗಿಂತ ಹೆಚ್ಚು, ಏಕೆಂದರೆ ಎಣ್ಣೆ ಹಿಗ್ಗಿದೆ

ಸರಿಯುತ್ತರ (ಆ). (ಈ) ಆರಿಸಿದವರ ಅವಲೋಕನ ಸರಿಯಾಗಿದೆ: ಎಣ್ಣೆ ಕರಗುವಾಗ ಹಿಗ್ಗುತ್ತದೆ. ಗಾತ್ರವನ್ನು ತೂಕವೆಂದು ತಿಳಿದದ್ದಷ್ಟೇ ಅವರ ತಪ್ಪು. ಕರಗಿದ ಎಣ್ಣೆಯಲ್ಲಿ ಗಟ್ಟಿ ಎಣ್ಣೆಯ ತುಂಡು ಮುಳುಗುವುದನ್ನೂ, ನೀರಿನಲ್ಲಿ ಮಂಜುಗಡ್ಡೆ ತೇಲುವುದನ್ನೂ ಪಕ್ಕಪಕ್ಕದಲ್ಲಿ ತೋರಿಸಿದರೆ ಚರ್ಚೆಗೆ ಒಳ್ಳೆಯ ವಿಷಯ ದೊರೆಯುತ್ತದೆ. ಹೆಪ್ಪುಗಟ್ಟುವಾಗ ಹಿಗ್ಗುವ ನೀರೇ ಇಲ್ಲಿ ಅಪವಾದ.

ಒಂದು ಎಚ್ಚರಿಕೆ: "ಕೊಬ್ಬರಿ ಎಣ್ಣೆಯ ದ್ರವನ ಬಿಂದು ಎಷ್ಟು?" ಎಂದು ಒಂದೇ ಸಂಖ್ಯೆಯ ಪ್ರಶ್ನೆ ರಚಿಸಬಾರದು. ಎಣ್ಣೆಯು ಹಲವು ಕೊಬ್ಬುಗಳ ಮಿಶ್ರಣವಾದುದರಿಂದ ಅದು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಅಲ್ಲ, ಮೊದಲು ಮೆತ್ತಗಾಗಿ ಕೆಲವು ಡಿಗ್ರಿಗಳ ಅಂತರದಲ್ಲಿ ಕರಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪವೂ ಹಾಗೆಯೇ. ಆದರೆ ಅದು ಕರಗಲು ಹೆಚ್ಚಿನ ತಾಪ ಬೇಕಾಗುವುದರಿಂದ ಮನೆಯೊಳಗೆ ಸಾಮಾನ್ಯವಾಗಿ ವರ್ಷವಿಡೀ ಗಟ್ಟಿಯಾಗಿಯೇ ಇರುತ್ತದೆ.

"ಕರಗು" ಎಂಬ ಪದದ ಬಗ್ಗೆ

ಕನ್ನಡದಲ್ಲಿ ಮಂಜುಗಡ್ಡೆಯೂ ಕರಗುತ್ತದೆ, ಸಕ್ಕರೆಯೂ ನೀರಿನಲ್ಲಿ ಕರಗುತ್ತದೆ. ಮೊದಲನೆಯದು ಸ್ಥಿತಿ ಬದಲಾವಣೆ, ಅದಕ್ಕೆ ಶಾಖ ಸಾಕು. ಎರಡನೆಯದು ದ್ರಾವಣವಾಗುವುದು, ಅದಕ್ಕೆ ಇನ್ನೊಂದು ವಸ್ತು ಬೇಕು. ಒಂದೇ ಕ್ರಿಯಾಪದ ಇರುವುದರಿಂದ "ಈ ಕೆಳಗಿನವುಗಳಲ್ಲಿ ಯಾವುದು ಕರಗುವಿಕೆ?" ಎಂಬ ಪ್ರಶ್ನೆಗೆ ಮೇಣದ ಬತ್ತಿ ಮತ್ತು ಉಪ್ಪುನೀರು ಎರಡನ್ನೂ ಆಯ್ಕೆಗಳಾಗಿ ಕೊಟ್ಟಲ್ಲಿ ಎರಡೂ ಸರಿಯಾಗುತ್ತವೆ. ಹಳಿಯಾಳ, ಜೋಯಿಡಾ ಭಾಗದಲ್ಲಿ ಮನೆಯಲ್ಲಿ ಮರಾಠಿ ಮಾತನಾಡುವ ಮಕ್ಕಳು ಅನೇಕರಿದ್ದಾರೆ. ಮರಾಠಿಯಲ್ಲಿ ಮೇಣದ ವಿಷಯಕ್ಕೆ ವಿತಳಣೆ, ಉಪ್ಪಿನ ವಿಷಯಕ್ಕೆ ವಿರಘಳಣೆ ಎಂದು ಬೇರೆ ಬೇರೆ ಪದಗಳಿವೆ. ಉರ್ದು ಮಾತನಾಡುವವರಲ್ಲಿ ಪಿಘಲನಾ ಮತ್ತು ಘುಲನಾ ಇವೆ. ಮನೆಯ ಭಾಷೆಯಲ್ಲಿ ಸ್ಪಷ್ಟವಾಗಿದ್ದ ಭೇದವು ಕನ್ನಡದ ಪ್ರಶ್ನೆಯಲ್ಲಿ ಮಾಯವಾಗುವುದರಿಂದ ಆ ಮಕ್ಕಳು ತಿಳಿದಿದ್ದೂ ತಪ್ಪು ಮಾಡುತ್ತಾರೆ. ಪ್ರಶ್ನೆಯಲ್ಲಿ "ಕಾದು ದ್ರವವಾಗುತ್ತದೆ" ಮತ್ತು "ನೀರಿನಲ್ಲಿ ಬೆರೆತು ಕಾಣದಾಗುತ್ತದೆ" ಎಂದು ಬಿಡಿಸಿ ಬರೆದರೆ ತೊಡಕು ತಪ್ಪುತ್ತದೆ. ಚರ್ಚೆಯ ವೇಳೆ ತಮ್ಮ ಮನೆಯ ಪದ ಯಾವುದೆಂದು ಮಕ್ಕಳಿಂದಲೇ ಹೇಳಿಸಿ ಹಲಗೆಯ ಮೇಲೆ ಬರೆಸಬಹುದು.

ಹಾಗೆಯೇ ಸರಿಯುತ್ತರವನ್ನು ಮಾತ್ರ ಉದ್ದವಾಗಿ, ಎಚ್ಚರಿಕೆಯ ವಿವರಗಳೊಡನೆ ಬರೆಯುವ ಅಭ್ಯಾಸವನ್ನು ಬಿಡಬೇಕು. ಪಾಠ ಓದದ ವಿದ್ಯಾರ್ಥಿಯೂ ಉದ್ದ ನೋಡಿ ಗುರುತಿಸುತ್ತಾನೆ. ಮೇಲಿನ ಮೂರನೆಯ ಪ್ರಶ್ನೆಯಲ್ಲಿ (ಈ) ಉಳಿದವುಗಳಿಗಿಂತ ಉದ್ದವಾಗಿರುವುದನ್ನು ಓದುಗರು ಗಮನಿಸಿರಬಹುದು. ತರಗತಿಯಲ್ಲಿ ಬಳಸುವಾಗ ಅದನ್ನು "ಸುತ್ತಲಿನ ಗಾಳಿಯಿಂದ ಬಂತು" ಎಂದು ಮೊಟಕುಗೊಳಿಸಿಕೊಳ್ಳತಕ್ಕದ್ದು.